ಕೀಮೋ ನಡೆಯುವಾಗ ತೂಕ ಇಳಿಯುತ್ತಿದೆ, ಏನು ಉಣ್ಣಿಸಲಿ?

ಪ್ರಶ್ನೆ: ನನ್ನ ತಂದೆಗೆ 61 ವರ್ಷ. ಶ್ವಾಸಕೋಶದ ಕ್ಯಾನ್ಸರ್‌ಗೆ ಕೀಮೋ ನಡೆಯುತ್ತಿದೆ. ನಾಲ್ಕು ತಿಂಗಳಲ್ಲಿ ತೂಕ 62 ಕೆ.ಜಿ.ಯಿಂದ 55ಕ್ಕೆ ಇಳಿದಿದೆ. ಬೆಳಿಗ್ಗೆ ಎರಡು ಇಡ್ಲಿ, ಮಧ್ಯಾಹ್ನ ಮತ್ತು ರಾತ್ರಿ ಒಂದು ಬಟ್ಟಲು ಗಂಜಿ, ನಡುವೆ ಎಳನೀರು, ಸೇಬು ಕೊಡುತ್ತೇವೆ. ಗಡ್ಡೆ ಬೆಳೆಯುತ್ತದೆ ಎಂದು ಯಾರೋ ಹೇಳಿದ ಮೇಲೆ ಹಾಲು, ಸಕ್ಕರೆ ನಿಲ್ಲಿಸಿದ್ದೇವೆ. ಅಮ್ಮ ಬಲವಂತ ಮಾಡಿದರೆ ಅಪ್ಪ ರೇಗುತ್ತಾರೆ. ಏನು ಮಾಡುವುದು?
— ಓದುಗರು, ಸಾಗರ

ಉತ್ತರ: ನಿಮ್ಮ ತಂದೆಯವರದು ಹಟವಲ್ಲ. ಆರು ತಿಂಗಳೊಳಗೆ ತೂಕದ ಶೇ 5ಕ್ಕಿಂತ ಹೆಚ್ಚು ಕರಗಿದರೆ ವೈದ್ಯರು ಅದನ್ನು ಕ್ಯಾಕೆಕ್ಸಿಯಾ ಎಂದು ಗುರುತಿಸುತ್ತಾರೆ; ಇವರು ಕಳೆದುಕೊಂಡಿರುವುದು ಶೇ 11. ಕ್ಯಾನ್ಸರ್ ದೇಹದೊಳಗೆ ಉರಿಯೂತವನ್ನು ಎಬ್ಬಿಸುತ್ತದೆ. ಅದರಿಂದ ಹೊರಡುವ ರಾಸಾಯನಿಕಗಳು ಮಿದುಳಿನಲ್ಲಿ ಹಸಿವನ್ನು ಅಡಗಿಸುತ್ತವೆ, ಸ್ನಾಯುವನ್ನು ಒಡೆಯುತ್ತವೆ. ಉಪವಾಸವಿದ್ದವರು ಮತ್ತೆ ಉಂಡರೆ ಮೈತುಂಬಿಕೊಳ್ಳುತ್ತಾರೆ, ಇಲ್ಲಿ ಊಟವೊಂದರಿಂದಲೇ ಅದು ಪೂರ್ತಿ ಆಗದು. ಆದರೂ ಇಳಿಕೆಯನ್ನು ತಡೆಯಲು ಸಾಧ್ಯ. ನಿಮ್ಮ ಮನೆಯಲ್ಲಿ ಅದಕ್ಕೆ ಸಾಕಷ್ಟು ಅವಕಾಶವೂ ಇದೆ.

ಏಕೆಂದರೆ ಈಗಿನ ಆಹಾರ ತೀರಾ ಕಡಿಮೆ. 55 ಕೆ.ಜಿ. ತೂಕದವರಿಗೆ ದಿನಕ್ಕೆ ಸುಮಾರು 1,400ರಿಂದ 1,650 ಕ್ಯಾಲೊರಿ, 55ರಿಂದ 80 ಗ್ರಾಂ ಪ್ರೋಟೀನ್ ಬೇಕು. ನೀವು ಬರೆದಿರುವ ಪಟ್ಟಿಯನ್ನು ಕೂಡಿಸಿದರೆ 450 ಕ್ಯಾಲೊರಿಯ ಆಸುಪಾಸಿನಲ್ಲಿ ನಿಲ್ಲುತ್ತದೆ, ಪ್ರೋಟೀನ್ 10 ಗ್ರಾಂ ದಾಟುವುದೂ ಕಷ್ಟ. ಕಾಯಿಲೆಯವರಿಗೆ ಗಂಜಿ, ಎಳನೀರು ಎಂಬ ನಮ್ಮ ರೂಢಿ ಎರಡು ದಿನದ ಜ್ವರಕ್ಕೆ ಸರಿ. ತಿಂಗಳುಗಟ್ಟಲೆ ನಡೆಯುವ ಚಿಕಿತ್ಸೆಯಲ್ಲಿ ಅದು ಹೊಟ್ಟೆಯ ಜಾಗವನ್ನು ನೀರಿನಿಂದ ತುಂಬಿಸುತ್ತದೆ, ಅಷ್ಟೆ.

ಹಾಲು, ಸಕ್ಕರೆಯ ಭಯವನ್ನು ಬಿಡಿ. ಸಕ್ಕರೆ ಕೊಡದಿದ್ದರೆ ಗಡ್ಡೆ ಉಪವಾಸ ಬೀಳುವುದಿಲ್ಲ. ದೇಹ ತನ್ನ ಸ್ನಾಯುವನ್ನೇ ಒಡೆದು ಗ್ಲೂಕೋಸ್ ಮಾಡಿಕೊಳ್ಳುತ್ತದೆ. ಮಧುಮೇಹ ಇದ್ದರೆ ಮಾತ್ರ ಸಿಹಿಯ ಪ್ರಮಾಣವನ್ನು ವೈದ್ಯರಲ್ಲಿ ಕೇಳಿ.

ಆಹಾರದ ಪ್ರಮಾಣವನ್ನು ಹೆಚ್ಚಿಸಬೇಡಿ, ಸತ್ವವನ್ನು ಹೆಚ್ಚಿಸಿ. ಒಂದು ಲೋಟ ಗಟ್ಟಿ ಹಾಲಿನಲ್ಲಿ ಎರಡು ಚಮಚ ರಾಗಿಹಿಟ್ಟು ಕುದಿಸಿ, ಕೆಳಗಿಳಿಸಿದ ಮೇಲೆ ಎರಡು ದೊಡ್ಡ ಚಮಚ ಹಾಲಿನ ಪುಡಿ, ಒಂದು ಚಮಚ ಬೆಲ್ಲ ಕದಡಿ. ಇದರಲ್ಲಿ ಸುಮಾರು 350 ಕ್ಯಾಲೊರಿ, 13 ಗ್ರಾಂ ಪ್ರೋಟೀನ್ ಇರುತ್ತದೆ. ಇದನ್ನು ದಿನಕ್ಕೆ ಎರಡು ಸಲ, ಊಟದ ಜೊತೆಗಲ್ಲ, ಊಟಗಳ ನಡುವೆ ಗುಟುಕು ಗುಟುಕಾಗಿ ಕೊಡಿ. ಅದೇ ಎರಡು ಇಡ್ಲಿಗೆ ಎರಡು ಚಮಚ ತುಪ್ಪ, ಧಾರಾಳವಾಗಿ ಶೇಂಗಾ ಚಟ್ನಿಪುಡಿ ಹಾಕಿ. ಗಂಜಿಯ ಬದಲು ಗಟ್ಟಿ ಮೊಸರನ್ನ. ಎರಡು ಬೇಯಿಸಿದ ಮೊಟ್ಟೆ, ತಿನ್ನದವರಾದರೆ ಒಂದು ಹಿಡಿ ಪನೀರ್. ಇಷ್ಟಕ್ಕೇ 1,350 ಕ್ಯಾಲೊರಿ, 50 ಗ್ರಾಂ ಪ್ರೋಟೀನ್ ದಾಟುತ್ತದೆ. ಒಂದೇ ದಿನದಲ್ಲಿ ಇಲ್ಲಿಗೆ ಬರಬೇಕಿಲ್ಲ, ವಾರದಲ್ಲಿ ಹಂತಹಂತವಾಗಿ ಬನ್ನಿ. ನಾಲ್ಕೈದು ದಿನ ಏನೂ ತಿಂದಿರದ ರೋಗಿಗೆ ಮಾತ್ರ ಮನೆಯಲ್ಲಿ ಒಮ್ಮೆಲೇ ಉಣ್ಣಿಸಬೇಡಿ; ರಕ್ತದ ಲವಣಗಳು ಅಪಾಯಕಾರಿಯಾಗಿ ಕುಸಿಯಬಹುದು, ಅದು ಆಸ್ಪತ್ರೆಯ ಕೆಲಸ.

ಹಸಿವು ಸಾಮಾನ್ಯವಾಗಿ ಬೆಳಿಗ್ಗೆ ಚೆನ್ನಾಗಿರುತ್ತದೆ, ಗಟ್ಟಿ ತಿಂಡಿ ಆಗಲೇ ಆಗಲಿ. ಒಗ್ಗರಣೆಯ ವಾಸನೆಗೆ ಓಕರಿಸುವವರು ತಣ್ಣಗಿನ ಊಟವನ್ನು ಸಹಿಸಿಕೊಳ್ಳುತ್ತಾರೆ. ಇದಕ್ಕೂ ಮೊದಲು ಬಾಯಿ ತೆರೆಸಿ ನೋಡಿ: ಹುಣ್ಣು, ನಾಲಿಗೆಯ ಮೇಲೆ ಬಿಳಿ ಪದರ ಇವೆಯೇ? ಮಲ ಎಷ್ಟು ದಿನಕ್ಕೊಮ್ಮೆ ಆಗುತ್ತಿದೆ? ನೋವಿಗೆ ಮಾರ್ಫಿನ್ ನಡೆಯುತ್ತಿದ್ದರೆ ಮಲಬದ್ಧತೆಯೇ ಹಸಿವನ್ನು ಕೊಂದಿರಬಹುದು. ಇವೆಲ್ಲಕ್ಕೂ ಔಷಧಿ ಇದೆ, ಆದರೆ ರೋಗಿಗಳು ತಾವಾಗಿ ಹೇಳುವುದಿಲ್ಲ.

ತಿಂದ ಪ್ರೋಟೀನ್ ಸ್ನಾಯುವಾಗಬೇಕಾದರೆ ಸ್ನಾಯುವಿಗೆ ಕೆಲಸವೂ ಬೇಕು. ಕುರ್ಚಿಯಿಂದ ಕೈ ಊರದೆ ಐದು ಸಲ ಏಳುವುದು, ಅಂಗಳದಲ್ಲಿ ಹತ್ತು ನಿಮಿಷ ನಡೆಯುವುದು, ದಿನಕ್ಕೆ ಎರಡು ಸಲ ಸಾಕು.

ಹಸಿವಿನ ಮಾತ್ರೆಯ ಬಗ್ಗೆ ನಿಮ್ಮ ಕ್ಯಾನ್ಸರ್ ತಜ್ಞರನ್ನು ಕೇಳಿ. ಪುದುಚೇರಿಯ ಜಿಪ್ಮರ್ ವೈದ್ಯರು ಶ್ವಾಸಕೋಶ, ಜಠರ, ಯಕೃತ್ತು ಮತ್ತು ಮೇದೋಜೀರಕ ಭಾಗದ ಕ್ಯಾನ್ಸರ್ ಇದ್ದ 124 ಮಂದಿಯ ಮೇಲೆ ನಡೆಸಿದ ಅಧ್ಯಯನ 2023ರಲ್ಲಿ ಪ್ರಕಟವಾಯಿತು. ಕೀಮೋ ಆರಂಭದಿಂದ 12 ವಾರ ದಿನಕ್ಕೆ 2.5 ಮಿ.ಗ್ರಾಂ ಒಲಾನ್ಜಪಿನ್ ತೆಗೆದುಕೊಂಡವರಲ್ಲಿ ಶೇ 60ರಷ್ಟು ಜನರ ತೂಕ ಶೇ 5ಕ್ಕಿಂತ ಹೆಚ್ಚು ಏರಿತು. ಹುಸಿಮಾತ್ರೆ ಪಡೆದವರಲ್ಲಿ ಇದು ಶೇ 9 ಮಾತ್ರ. ಇದು ಮಾನಸಿಕ ಕಾಯಿಲೆಯ ಔಷಧಿ ಎಂದು ಗಾಬರಿಯಾಗಬೇಡಿ, ಪ್ರಮಾಣ ತೀರಾ ಕಡಿಮೆ. ತೂಕಡಿಕೆ ಬರಬಹುದು, ಬೇರೆ ಮಾತ್ರೆಗಳೊಂದಿಗೆ ಹೊಂದುತ್ತದೆಯೇ ಎಂಬುದನ್ನು ವೈದ್ಯರೇ ನೋಡಬೇಕು. ಸ್ಟೀರಾಯ್ಡ್ ಕೂಡ ಹಸಿವು ತರುತ್ತದೆ, ಆದರೆ ವಾರಗಟ್ಟಲೆ ನುಂಗಿದರೆ ಸ್ನಾಯುವನ್ನೇ ಕರಗಿಸುತ್ತದೆ. ಅಂಗಡಿಯಿಂದ ತಂದು ಕೊಡಬೇಡಿ.

ವಾರಕ್ಕೊಮ್ಮೆ, ಬೆಳಿಗ್ಗೆ ಶೌಚದ ನಂತರ ತೂಕ ನೋಡಿ ಬರೆದಿಡಿ. ತೂಕ ಏರಿದ್ದರೆ ಕಣಕಾಲನ್ನೂ ಒತ್ತಿ ನೋಡಿ. ಗುಳಿ ಬಿದ್ದರೆ ಏರಿರುವುದು ನೀರು. ನುಂಗಲು ಕಷ್ಟವಾದರೆ, ಇಡೀ ದಿನ ದ್ರವವೂ ನಿಲ್ಲದಿದ್ದರೆ ಮುಂದಿನ ಕೀಮೋವರೆಗೆ ಕಾಯಬೇಡಿ.

ಅಮ್ಮನಿಗೆ ಒಂದು ಮಾತು: ಚಿಕ್ಕ ಬಟ್ಟಲಿನಲ್ಲಿ ಎದುರಿಗಿಟ್ಟು ಅರ್ಧ ಗಂಟೆ ಬಿಟ್ಟು ತೆಗೆದುಬಿಡಲಿ, ಎಷ್ಟು ಉಳಿದಿದೆ ಎಂದು ಅಪ್ಪನ ಮುಂದೆ ಲೆಕ್ಕ ಹಾಕುವುದು ಬೇಡ.