ಒಣಗಾಳಿಯಲ್ಲಿ ಗಂಜಿಯಾಗುವ ಸೀರಮ್

"ಪುಣೆಗೆ ಬಂದ ಮೇಲೆ ಒಣ ಚರ್ಮಕ್ಕೆಂದು ಹೈಲುರಾನಿಕ್ ಆಸಿಡ್ ಸೀರಮ್ ತಂದೆ. ಕಚೇರಿಯ ಎಸಿಯಲ್ಲಿ ಕುಳಿತ ಅರ್ಧ ಗಂಟೆಗೆ ಮುಖ ಮೊದಲಿಗಿಂತ ಬಿಗಿಯುತ್ತದೆ. ಸೀರಮ್ ನಕಲಿಯೇ?"

ನಕಲಿ ಇರಲಾರದು. ಧಾರವಾಡದಿಂದ ಬಂದ ನನಗೂ ಇಲ್ಲಿನ ಮೊದಲ ಫೆಬ್ರುವರಿಯಲ್ಲಿ ಹೀಗೇ ಆಗಿತ್ತು. ಸಿಟ್ಟಿನಿಂದ ಬಾಟಲಿಯನ್ನು ಎಸೆಯುವುದರಲ್ಲಿದ್ದೆ.

ಲೆಕ್ಕ ಹಾಕಿ ನೋಡಿ. ಮೂರು ಹನಿ ಸೀರಮ್ ಎಂದರೆ ಸುಮಾರು 0.15 ಮಿಲಿಲೀಟರ್. ಶೇಕಡಾ 1ರ ಸೀರಮ್ ಆದರೆ ಅದರಲ್ಲಿ ಹೈಲುರಾನಿಕ್ ಆಸಿಡ್ ಇರುವುದು ಒಂದೂವರೆ ಮಿಲಿಗ್ರಾಂ. ಉಳಿದದ್ದು ಹೆಚ್ಚುಕಡಿಮೆ ನೀರು. ಹಚ್ಚಿದಾಗ ಹಿತವೆನಿಸುವುದು ಆ ನೀರಿನಿಂದ. ತನ್ನ ತೂಕದ ಸಾವಿರ ಪಟ್ಟು ನೀರು ಹಿಡಿಯುತ್ತದೆ ಎಂಬ ಜಾಹೀರಾತಿನ ಮಾತು ಒಣಗಾಳಿಯ ಮುಂದೆ ನಡೆಯುವುದಿಲ್ಲ. ಹೈಲುರಾನಿಕ್ ಆಸಿಡ್ ನೀರಿನ ಜೊತೆ ನಂಟು ಬೆಳೆಸುತ್ತದೆಯೇ ಹೊರತು ಅದು ಆವಿಯಾಗದಂತೆ ಮುಚ್ಚಳ ಹಾಕುವುದಿಲ್ಲ. ನೀರು ಆರಿದ ಮೇಲೆ ಉಳಿಯುವುದು ತೆಳುವಾದ ಪೊರೆ. ದೊಡ್ಡ ಅಣುಗಳ ಹೈಲುರಾನಿಕ್ ಆಸಿಡ್ ಬಹುಪಾಲು ಚರ್ಮದ ಮೇಲೆಯೇ ಕುಳಿತಿರುತ್ತದೆ. ಗಂಜಿ ಹಾಕಿದ ಹತ್ತಿ ಸೀರೆ ಒಣಗಿ ಬಿರುಸಾಗುವ ಹಾಗೆ ಅದೂ ಆರುತ್ತಾ ಚರ್ಮವನ್ನು ಎಳೆಯುತ್ತದೆ. ಗಾಳಿಯಲ್ಲಿ ತೇವವಿಲ್ಲದಾಗ ಚರ್ಮದ ಒಳಪದರದ ನೀರನ್ನೇ ಅದು ಮೇಲಕ್ಕೆ ಸೆಳೆದು ಹೊರಗೆ ಬಿಡುತ್ತದೆ ಎನ್ನುವವರೂ ಇದ್ದಾರೆ. ಒಂದೂವರೆ ಮಿಲಿಗ್ರಾಂ ಅಷ್ಟು ದೊಡ್ಡ ಕಳ್ಳತನ ಮಾಡುತ್ತದೆಂದು ನನಗೆ ಅನಿಸುವುದಿಲ್ಲ. ಮುಚ್ಚಳವಿಲ್ಲದಿರುವುದೇ ಮುಖ್ಯ ತಪ್ಪು.

ಮೇಜಿನ ಮೇಲೆ ಚಿಕ್ಕ ತೇವಾಂಶ ಮಾಪಕ ಇಟ್ಟು ನೋಡಿದೆ. ಮಧ್ಯಾಹ್ನ ಎರಡಕ್ಕೆ ಶೇಕಡಾ 31 ತೋರಿಸಿತು. ಮರುದಿನ ಎಡಗೆನ್ನೆಗೆ ಒಣ ಚರ್ಮದ ಮೇಲೆ ಸೀರಮ್ ಮಾತ್ರ ಹಚ್ಚಿದೆ. ಬಲಗೆನ್ನೆಗೆ ಮುಖ ತೊಳೆದು, ನೀರಿನ ಪಸೆ ಇರುವಾಗಲೇ ಎರಡು ಹನಿ ಹಚ್ಚಿ, ಒಂದು ನಿಮಿಷದೊಳಗೆ ಪೆಟ್ರೋಲಿಯಂ ಜೆಲ್ಲಿ ಬೆರೆತ ಗಟ್ಟಿ ಕ್ರೀಮ್ ಬಳಿದೆ. ಹನ್ನೊಂದು ಗಂಟೆಯ ಹೊತ್ತಿಗೆ ನಗುವಾಗ ಎಡಗೆನ್ನೆ ಮಾತ್ರ ಬಿಗಿಯುತ್ತಿತ್ತು. ಉಜ್ಜಿದರೆ ರಬ್ಬರಿನ ಚೂರಿನಂಥ ಬಿಳಿ ಉಂಡೆಗಳು ಬಂದವು. ಅವು ಸತ್ತ ಚರ್ಮವಲ್ಲ, ಒಣಗಿದ ಪೊರೆ.

ಹಾಗಾಗಿ ಹನಿಗಳನ್ನು ಹೆಚ್ಚಿಸಬೇಡಿ, ಪೊರೆ ದಪ್ಪವಾಗುತ್ತದೆ ಅಷ್ಟೆ. ಕಚೇರಿಯಲ್ಲಿ ಆಗಾಗ ಮುಖಕ್ಕೆ ನೀರು ಸಿಂಪಡಿಸಿಕೊಳ್ಳುವವರನ್ನೂ ಅನುಸರಿಸಬೇಡಿ. ಮೇಲೆ ಕ್ರೀಮ್ ಇಲ್ಲದಿದ್ದರೆ ಆ ನೀರೂ ಕ್ಷಣದಲ್ಲಿ ಆರಿಹೋಗುತ್ತದೆ.

ಕ್ರೀಮ್ ಹಚ್ಚಿದೊಡನೆ ಬಿಗಿತ ಇಳಿದರೆ ನಿಮ್ಮದೂ ಇದೇ ತೊಂದರೆ. ಇಳಿಯದೆ ಉರಿ, ಕೆಂಪು ಉಳಿದರೆ ಸೀರಮ್ ನಿಲ್ಲಿಸಿ. ನೊರೆ ಬರುವ ಫೇಸ್‌ವಾಶ್ ಅಥವಾ ರೆಟಿನಾಲ್‌ನಿಂದ ಚರ್ಮ ಮೊದಲೇ ಹಾಳಾಗಿರಬಹುದು, ಇಲ್ಲವೇ ಸೀರಮ್‌ನ ಸುಗಂಧವೋ ಸಂರಕ್ಷಕವೋ ಒಗ್ಗದೆ ಇರಬಹುದು. ಅದನ್ನು ಚರ್ಮವೈದ್ಯರಿಗೆ ತೋರಿಸಬೇಕು.

ಅಂದಹಾಗೆ, ಜುಲೈ ಮಳೆಯಲ್ಲಿ, ಎಸಿ ಇಲ್ಲದ ಮನೆಯಲ್ಲಿ, ಅದೇ ಬಾಟಲಿಯ ಸೀರಮ್ ಒಂದನ್ನೇ ಹಚ್ಚಿದರೂ ನನ್ನ ಎಡಗೆನ್ನೆ ತಕರಾರು ಮಾಡುವುದಿಲ್ಲ.