ಸಿಒಪಿಡಿ ರೋಗಿಗೆ ಆಕ್ಸಿಜನ್: ಎಷ್ಟು, ಯಾವ ಮಾಸ್ಕಿನಲ್ಲಿ

ಪ್ರಶ್ನೆ: ನಮ್ಮ ತಂದೆಗೆ ಸಿಒಪಿಡಿ ಎಂಬ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ ಇದೆ, ಉಸಿರಾಟದ ತೊಂದರೆ ಹೆಚ್ಚಾಗಿ ಆಸ್ಪತ್ರೆಗೆ ಸೇರಿಸಿದ್ದೇವೆ. ಮಾನಿಟರ್‌ನಲ್ಲಿ 90 ಮಾತ್ರ ಇದ್ದರೂ ಆಕ್ಸಿಜನ್ ಹೆಚ್ಚಿಸುತ್ತಿಲ್ಲ. ಚೀಲವಿರುವ ಮಾಸ್ಕ್ ತೆಗೆದು ನೀಲಿ ತುದಿಯ ಮಾಸ್ಕ್ ಹಾಕಿದ್ದಾರೆ. ಇದು ಸರಿಯೇ?

ಉತ್ತರ: ನೀವು ಬರೆದಿರುವಷ್ಟರಿಂದ ಹೇಳುವುದಾದರೆ, ಸರಿಯಾಗಿದೆ. ನಾನು ಶ್ವಾಸಕೋಶ ವಿಭಾಗದ ವೈದ್ಯ. ಕಾರ್ಬನ್ ಡೈಆಕ್ಸೈಡ್ ಏರುವ ಅಪಾಯವಿರುವ ಸಿಒಪಿಡಿ ರೋಗಿಗಳಲ್ಲಿ ನಾವು SpO2, ಅಂದರೆ ರಕ್ತದಲ್ಲಿನ ಆಕ್ಸಿಜನ್ ಮಟ್ಟವನ್ನು ಶೇ. 88ರಿಂದ 92ರ ನಡುವೆ ಇರಿಸುತ್ತೇವೆ. 90 ಎಂಬುದು ಆ ಗುರಿಯ ನಡುಮಧ್ಯದಲ್ಲಿದೆ.

ಹೆಚ್ಚು ಆಕ್ಸಿಜನ್ ಕೊಟ್ಟರೆ ಉಸಿರಾಡುವ ಪ್ರಚೋದನೆಯೇ ನಿಂತುಬಿಡುತ್ತದೆ ಎಂಬ ಮಾತು ಆಸ್ಪತ್ರೆಗಳಲ್ಲಿಯೂ ಕೇಳಿಬರುತ್ತದೆ, ಆದರೆ ಅದು ಕಾರಣದ ಒಂದು ಸಣ್ಣ ಭಾಗ ಮಾತ್ರ. ಕೆಟ್ಟಿರುವ ಶ್ವಾಸಕೋಶದ ಭಾಗಗಳಲ್ಲಿ ಗಾಳಿಯಾಡದೆ ಆಕ್ಸಿಜನ್ ಕಡಿಮೆಯಾದಾಗ ಅಲ್ಲಿನ ರಕ್ತನಾಳಗಳು ತಾವಾಗಿಯೇ ಸಂಕುಚಿತಗೊಂಡು, ರಕ್ತವನ್ನು ಚೆನ್ನಾಗಿ ಗಾಳಿಯಾಡುವ ಭಾಗಗಳ ಕಡೆಗೆ ತಿರುಗಿಸುತ್ತವೆ. ಆಕ್ಸಿಜನ್ ವಿಪರೀತವಾದರೆ ಈ ನಾಳಗಳು ಮತ್ತೆ ಹಿಗ್ಗುತ್ತವೆ, ರಕ್ತವು ಗಾಳಿಯಾಡದ ಭಾಗಗಳಿಗೆ ಹರಿದು, ತನ್ನಲ್ಲಿರುವ ಕಾರ್ಬನ್ ಡೈಆಕ್ಸೈಡನ್ನು ಹೊರಹಾಕದೆಯೇ ಹಿಂದಿರುಗುತ್ತದೆ. ಜೊತೆಗೆ, ಆಕ್ಸಿಜನ್ ತುಂಬಿಕೊಂಡ ಹಿಮೋಗ್ಲೋಬಿನ್ ಕಾರ್ಬನ್ ಡೈಆಕ್ಸೈಡನ್ನು ಹಿಡಿದಿಟ್ಟುಕೊಳ್ಳಲಾರದು. ಪರಿಣಾಮವಾಗಿ ರಕ್ತ ಆಮ್ಲೀಯವಾಗುತ್ತದೆ, ರೋಗಿ ಮಂಕಾಗುತ್ತಾರೆ. ಆಸ್ಟ್ರೇಲಿಯಾದ ಟಾಸ್ಮೇನಿಯಾದಲ್ಲಿ ಆಂಬ್ಯುಲೆನ್ಸ್ ಸಿಬ್ಬಂದಿ ನಡೆಸಿ, 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಎಲ್ಲರಿಗೂ ಹೆಚ್ಚಿನ ಆಕ್ಸಿಜನ್ ಕೊಡುವುದಕ್ಕಿಂತ 88ರಿಂದ 92ರ ಗುರಿಯಿಟ್ಟು ಕೊಟ್ಟಾಗ ಸಾವುಗಳು ಕಡಿಮೆಯಾದವು.

ಇನ್ನು ಮಾಸ್ಕಿನ ವಿಷಯ. ನೀಲಿ ತುದಿಯದು ವೆಂಚುರಿ ಮಾಸ್ಕ್. ಸಣ್ಣ ರಂಧ್ರದಿಂದ ರಭಸವಾಗಿ ಬರುವ ಆಕ್ಸಿಜನ್, ಪಕ್ಕದ ಕಿಂಡಿಗಳಿಂದ ಹೊರಗಿನ ಗಾಳಿಯನ್ನು ನಿಗದಿತ ಪ್ರಮಾಣದಲ್ಲಿ ಎಳೆದುಕೊಳ್ಳುತ್ತದೆ. ಹೀಗಾಗಿ ರೋಗಿ ಎಷ್ಟೇ ವೇಗವಾಗಿ ಉಸಿರಾಡಿದರೂ ಒಳಗೆ ಹೋಗುವ ಆಕ್ಸಿಜನ್ ಪ್ರಮಾಣ ಬಹುಮಟ್ಟಿಗೆ ಒಂದೇ ಇರುತ್ತದೆ: ಸಾಮಾನ್ಯವಾಗಿ ನೀಲಿಯಲ್ಲಿ ನಿಮಿಷಕ್ಕೆ 2 ಲೀಟರ್‌ಗೆ ಶೇ. 24, ಬಿಳಿಯಲ್ಲಿ 4 ಲೀಟರ್‌ಗೆ ಶೇ. 28. ಕಂಪನಿಯಿಂದ ಕಂಪನಿಗೆ ಇದು ಬದಲಾಗಬಹುದು, ಆದ್ದರಿಂದ ಬಣ್ಣವನ್ನು ನಂಬದೆ ತುದಿಯ ಮೇಲೆ ಅಚ್ಚಾಗಿರುವ ಅಂಕಿಗಳನ್ನು ಓದಬೇಕು. ಮೂಗಿನ ಕೊಳವೆಯಲ್ಲಿ ಈ ನಿಖರತೆಯಿಲ್ಲ. 2 ಲೀಟರ್ ಹರಿವಿಗೆ ಶೇ. 28 ಎಂದು ಅಂದಾಜಿಸುತ್ತೇವೆ, ಆದರೆ ನಿಜವಾದ ಪ್ರಮಾಣ ಉಸಿರಾಟದ ವೇಗ ಮತ್ತು ಆಳಕ್ಕೆ ತಕ್ಕಂತೆ ಏರಿಳಿಯುತ್ತದೆ. ಸ್ಥಿತಿ ಸ್ಥಿರವಾದ ಮೇಲೆ, ಉಣ್ಣಲು ಮತ್ತು ಮಾತನಾಡಲು ಅನುಕೂಲವೆಂದು ಮೂಗಿನ ಕೊಳವೆಗೆ ಬದಲಿಸುತ್ತೇವೆ. ಸಾಧಾರಣ ಮಾಸ್ಕನ್ನು 5 ಲೀಟರ್‌ಗಿಂತ ಕಡಿಮೆ ಹರಿವಿನಲ್ಲಿ ಬಳಸಬಾರದು, ಏಕೆಂದರೆ ಬಿಟ್ಟ ಉಸಿರು ಒಳಗೇ ಉಳಿದು ಮತ್ತೆ ಸೇರುತ್ತದೆ. ಆದ್ದರಿಂದ ಇಂಥ ರೋಗಿಗಳಿಗೆ ನಾನು ಅದನ್ನು ಬಳಸಲು ಇಷ್ಟಪಡುವುದಿಲ್ಲ.

ನಾನು ಚಿಕಿತ್ಸೆ ನೀಡಿದ, ವರ್ಷಗಟ್ಟಲೆ ಬೀಡಿ ಸೇದಿದ್ದ ಒಬ್ಬ ಹಿರಿಯರು ಚೀಲದ ಮಾಸ್ಕಿನಲ್ಲಿ 15 ಲೀಟರ್ ಆಕ್ಸಿಜನ್‌ನೊಂದಿಗೆ ಬಂದರು. ಮಾನಿಟರ್‌ನಲ್ಲಿ 98 ಇದ್ದುದರಿಂದ ಮನೆಯವರು ನೆಮ್ಮದಿಯಿಂದಿದ್ದರು, ಆದರೆ ಹಿರಿಯರು ಕರೆದರೆ ಮಾತ್ರ ಕಣ್ಣು ಬಿಡುತ್ತಿದ್ದರು. ಮಣಿಕಟ್ಟಿನ ಅಪಧಮನಿಯ ರಕ್ತದಲ್ಲಿ, ಆಮ್ಲೀಯತೆ ಹೆಚ್ಚಿದಷ್ಟೂ ಇಳಿಯುವ ಪಿಎಚ್ 7.26, ಕಾರ್ಬನ್ ಡೈಆಕ್ಸೈಡ್ ಒತ್ತಡ 76 ಮಿ.ಮೀ. ಇತ್ತು. ಆರೋಗ್ಯವಂತರಲ್ಲಿ ಈ ಒತ್ತಡ 35ರಿಂದ 45 ಇರುತ್ತದೆ. ಆಕ್ಸಿಜನನ್ನು ಒಮ್ಮೆಲೇ ನಿಲ್ಲಿಸಲಿಲ್ಲ. ಹಾಗೆ ಮಾಡಿದರೆ SpO2 ಮೊದಲಿದ್ದುದಕ್ಕಿಂತಲೂ ಕೆಳಗೆ ಕುಸಿಯಬಹುದು. ಬಿಳಿ ವೆಂಚುರಿಗೆ ಬದಲಿಸಿ, ನೆಬ್ಯುಲೈಜರ್ ಮತ್ತು ಸ್ಟೆರಾಯ್ಡ್ ಕೊಟ್ಟು, ಒಂದು ಗಂಟೆಯ ಬಳಿಕ ಮತ್ತೆ ಪರೀಕ್ಷಿಸಿದಾಗ SpO2 90, ಪಿಎಚ್ 7.29, ಒತ್ತಡ 68 ಬಂದಿತು. ಸುಧಾರಿಸುತ್ತಿದ್ದರೂ ಪಿಎಚ್ 7.35ಕ್ಕಿಂತ ಕಡಿಮೆಯೇ ಇದ್ದುದರಿಂದ, ಮಾಸ್ಕಿನ ಮೂಲಕ ಒತ್ತಡದಲ್ಲಿ ಗಾಳಿ ಕೊಟ್ಟು ಉಸಿರಾಟಕ್ಕೆ ನೆರವಾಗುವ ಬೈಪ್ಯಾಪ್ ಯಂತ್ರವನ್ನು ಆರಂಭಿಸಿದೆವು. ಮರುದಿನ ಬೆಳಿಗ್ಗೆ ಪಿಎಚ್ 7.36ಕ್ಕೆ ಬಂದಿತ್ತು, ಅವರು ಕಾಫಿ ಕೇಳಿದರು.

ಬೆರಳಿನ ಆಕ್ಸಿಮೀಟರ್ ಕಾರ್ಬನ್ ಡೈಆಕ್ಸೈಡನ್ನು ತೋರಿಸುವುದೇ ಇಲ್ಲ. ಹಾಗಾಗಿ ಆಕ್ಸಿಜನ್ ಆರಂಭಿಸಿದ ಅಥವಾ ಹೆಚ್ಚಿಸಿದ ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ ರಕ್ತದ ಪರೀಕ್ಷೆಯನ್ನು ಪುನಃ ಮಾಡುತ್ತಾರೆ. ಸೂಜಿ ಚುಚ್ಚುವುದು ನೋವಿನದು, ಆದರೂ ಬೇಡವೆನ್ನಬೇಡಿ. ಹಾಸಿಗೆಯ ಪಕ್ಕದಲ್ಲಿ ನೀವು ಗಮನಿಸಬಹುದಾದದ್ದು: ಹೊಸದಾಗಿ ಬಂದ ತಲೆನೋವು, ಹೊತ್ತಲ್ಲದ ಹೊತ್ತಿನ ತೂಕಡಿಕೆ, ಗೊಂದಲದ ಮಾತು, ಚಾಚಿದ ಕೈಗಳು ಬಡಿದಾಡಿದಂತೆ ನಡುಗುವುದು. ಇವು ಕಂಡರೆ SpO2 ಎಷ್ಟೇ ಚೆನ್ನಾಗಿದ್ದರೂ ನರ್ಸನ್ನು ಕರೆಯಿರಿ. 88ಕ್ಕಿಂತ ಕೆಳಗಿಳಿದು ಅಲ್ಲಿಯೇ ಉಳಿದರೂ ಕರೆಯಿರಿ, ಏಕೆಂದರೆ ಆಕ್ಸಿಜನ್ ಕೊರತೆಯೂ ಅಷ್ಟೇ ಅಪಾಯಕಾರಿ. ಹೊದಿಕೆಯಿಂದ ವೆಂಚುರಿಯ ಕಿಂಡಿಗಳು ಮುಚ್ಚಿಹೋಗದಂತೆ ನೋಡಿಕೊಳ್ಳಿ, ಮುಚ್ಚಿದರೆ ಗಾಳಿ ಬೆರೆಯದೆ ಆಕ್ಸಿಜನ್ ಪ್ರಮಾಣ ಏರುತ್ತದೆ. ಹರಿವಿನ ಗುಂಡಿಯನ್ನು ಮಾತ್ರ ನೀವಾಗಿ ತಿರುಗಿಸಬೇಡಿ.