ಮೊದಲ ಹಲೋಗೆ ಮೆಸೇಜಾ, ಫೋನಾ, ವಾಯ್ಸ್ ನೋಟಾ?

ಪರಿಚಯ ಇಲ್ಲದವರಿಗೆ ಮೊದಲ ಸಲ ಹಲೋ ಹೇಳಬೇಕು. ಟೈಪ್ ಮಾಡಲಾ, ಫೋನ್ ಮಾಡಲಾ, ವಾಯ್ಸ್ ನೋಟ್ ಕಳಿಸಲಾ?

ಟೈಪ್ ಮಾಡಿ. ನೀವು ಯಾರು, ಯಾಕೆ ಅನ್ನೋದನ್ನು ಅವರು ತೆರೆಯದೆಯೇ, ನೋಟಿಫಿಕೇಶನ್‌ನಲ್ಲೇ ಓದಿಬಿಡಬಹುದು. ಫೋನ್ ಕಾಲ್ ಆ ಕ್ಷಣವೇ ಉತ್ತರ ಕೇಳುತ್ತದೆ. ವಾಯ್ಸ್ ನೋಟ್ ಇನ್ನೂ ಕಷ್ಟ: ಎಷ್ಟು ಸೆಕೆಂಡ್ ಇದೆ ಅಂತ ಕಾಣುತ್ತದೆ, ಒಳಗೇನಿದೆ ಗೊತ್ತಾಗಲ್ಲ, ಅಪರಿಚಿತರ ದನಿ ಕೇಳೋಕೆ ಯಾರೂ ಇಯರ್‌ಫೋನ್ ಹುಡುಕಲ್ಲ ಅಲ್ವಾ?

ಸುಮ್ನೆ ‘ಹಾಯ್’ ಅಂತ ನಿಲ್ಲಿಸಬೇಡಿ. ಮೊದಲ ಸಾಲಲ್ಲೇ ಹೆಸರು, ನಂಬರ್ ಕೊಟ್ಟವರು, ವಿಷಯ ಬರಲಿ: “ನಮಸ್ಕಾರ, ನಾನು ಸುಮಾ. ರವಿ ನಿಮ್ಮ ನಂಬರ್ ಕೊಟ್ಟರು. ಅನುವಾದದ ಕೆಲಸದ ಬಗ್ಗೆ ಮಾತಾಡಬೇಕಿತ್ತು, ಯಾವಾಗ ಫೋನ್ ಮಾಡಲಿ?”

ತುರ್ತಿದ್ದರೆ, ಅಥವಾ ಅವರಿಗೆ ಓದೋದು ಕಷ್ಟ ಅಂತ ಗೊತ್ತಿದ್ದರೆ ನೇರ ಫೋನೇ ಮಾಡಿ. ವಾಯ್ಸ್ ನೋಟ್ ಅವರು ಉತ್ತರಿಸಿದ ಮೇಲೆ ಸಾಕು.